ಪಣತಿ ಬೆಳಕು ಮಾರಿ ಮ್ಯಾಲ ಬೀಳಬೇಕಂದ್ರ

"ಅಣ್ಣಾರ, ಕರೆಂಟ್ ಹೋದಾಗ ಆಯಿ, ಮೊಮ್ಮಗಳು ಕಟ್ಟಿ ಮ್ಯಾಲ ಕುಂತ ಫೋಟೋ ಐತಿ. ನಡುವ ಉರಿಯೋ ಪಣತಿ ಕೂಡ್ಸೇನಿ, ಸುತ್ತ ಕಿತ್ತಳೆ ಬಣ್ಣಾನೂ ಬಳದೇನಿ. ಆದ್ರೂ ಅಂಟಿಸಿದಂಗ ಕಾಣತೈತಿ. ಏನ್ ಮಾಡ್ಲಿ?"

ತಮ್ಮಾ, ಮೊದಲ ಆ ಕಿತ್ತಳೆ ಲೇಯರ್ ಕಿತ್ತು ಒಗಿ. ಬಣ್ಣ ಬಳದ್ರ ಬೆಳಕಾಗೂದಿಲ್ಲ, ಮಂಜಾಗತೈತಿ. ಹುಡುಗಿ ಕರಿ ಜಡಿ, ಹಿಂದಿನ ಕತ್ತಲ ಎರಡೂ ಒಂದ ಸಮ ಕೆಂಪಾಗ್ಯಾವ ನೋಡು.

ಫೋಟೋ ಲೇಯರಿನ ನಕಲು ಮಾಡಿ, ಅದಕ್ಕ ಕರ್ವ್ಸ್ ಹಾಕು. ಕೆಂಪು ಚೊಲೋತ್ನಂಗ ಎತ್ತು, ಹಸಿರು ಅದರ ಅರ್ಧ, ನೀಲಿ ಮುಟ್ಟಬ್ಯಾಡ. ಮ್ಯಾಲಿನ ಕಮೆಂಟಿನ್ಯಾಗ ಒಬ್ರು ನೀಲಿ ಇಳಿಸು ಅಂದಾರ. ಬಣ್ಣ ಬರತೈತಿ, ಖರೆ. ಆದ್ರ ದೀಪ ಇದ್ದ ಬೆಳಕಿಗೆ ಬೆಳಕು ಕೂಡಸ್ತೈತಿ, ಕಳಿಯೂದಿಲ್ಲ. ನೀಲಿ ಇಳಿಸಿದ್ರ ಆಯಿ ಬಿಳಿ ಕೂದಲಕ್ಕ ಅರಿಶಿಣ ಹಚ್ಚಿದಂಗ ಆಗತೈತಿ. ಆಮ್ಯಾಲ ಆ ನಕಲು ಲೇಯರಿಗೆ ಮಾಸ್ಕ್ ಹಾಕಿ, ಪೂರಾ ಕರಿ ಮಾಡಿ, ಪಣತಿಗೆ ಎದುರಿರೋ ಭಾಗಕ್ಕಷ್ಟ ಮೆತ್ತನ್ನ ಬ್ರಶ್‌ಲೆ ಬಿಳಿ ತಿಕ್ಕು.

ಪಣತಿ ಕಟ್ಟಿ ಮ್ಯಾಲೈತಿ, ಬೆಳಕು ಕೆಳಗಿಂದ ಏರತೈತಿ. ಗದ್ದದ ತಳ, ಮೂಗಿನ ಹೊಳ್ಳಿ, ಹುಬ್ಬಿನ ಕೆಳಗ ಬೆಳಗಬೇಕು. ಹಣಿ ಮ್ಯಾಲ ಕತ್ತಲ ಇರಲಿ. ನೀ ಇಬ್ಬರ ಮಾರಿಗೂ ರೊಟ್ಟಿ ತಟ್ಟಿದಂಗ ಗುಂಡಗ ಬೆಳಕು ತಟ್ಟೀದಿ. ಪಣತಿ ಬುಡದಾಗೂ ಬೆಳಕ ಹಚ್ಚೀದಿ, ಅಲ್ಲಿ ಅದರದ ನೆರಳು ಬೀಳಬೇಕು.

ದೂರದ ಲೆಕ್ಕಾನೂ ತಪ್ಪೈತಿ. ಆಯಿ ಮಾರಿ 1 ಫೂಟ್, ಹುಡುಗಿ 2 ಫೂಟ್ ದೂರ ಅಂತ ಹಿಡಿ. ದೂರ ಎರಡರಷ್ಟಾದ್ರ ಬೆಳಕು ಕಾಲುಪಾಲು. ಹಂಗಂತ ಮಾಸ್ಕಿನ್ಯಾಗ ಹುಡುಗಿಗೆ ಶೇಕಡಾ 25 ಇಟ್ರ ತೀರ ಮಂಕಾಗತೈತಿ, ಯಾಕಂದ್ರ ಫೋಟೋದ ಅಂಕಿ ನಿಜವಾದ ಬೆಳಕಿನ ಅಳತಿಗೆ ಸರಿಯಾಗಿ ಇರೂದಿಲ್ಲ. ನಾ ಅರ್ಧದ ಆಸುಪಾಸು ಇಟ್ಟು ಕಣ್ಣಿಲೆ ತಿದ್ದತೀನಿ. ಹಿಂದಿನ ಗ್ವಾಡಿಗೆ ಬರೇ ಸೋಕಿದಂಗ.

ಊಹೆ ಮಾಡೂ ಬದಲು, ರಾತ್ರಿ ಅದ ಕಟ್ಟಿ ಮ್ಯಾಲ ಖರೇ ಪಣತಿ ಹಚ್ಚಿ, ಯಾರನ್ನರ ಆಯಿ ಜಾಗದಾಗ ಕುಂಡ್ರಿಸಿ ಒಂದು ಫೋಟೋ ಹೊಡಿ. ಅದನ್ನ ಬಾಜೂಕ ತೆರದಿಟ್ಕೊಂಡು ತಿಕ್ಕು. ಇಳಕಲ್ ಸೀರಿ ರೇಷ್ಮಿ ಸೆರಗು ಎಲ್ಲಿ ಮಿಂಚತೈತಿ, ಕಣ್ಣಾಗ ಚುಕ್ಕಿ ಎಲ್ಲಿ ಬರತೈತಿ ಅನ್ನೂದು ನನಗಂತೂ ನೆನಪಿಲೆ ಬರೂದಿಲ್ಲ. ಬಳಿ, ಕನ್ನಡಕ ಇದ್ರ ಅಲ್ಲೂ ಉರಿ ಕಾಣಬೇಕು.

ಉರಿ ಫೋಟೋನೂ ಆವಾಗ ತಗೊ. ಮೊಬೈಲಿನ್ಯಾಗ ಉರಿ ಮ್ಯಾಲ ಒತ್ತಿ ಹಿಡದು ಬೆಳಕು ಕೆಳಗ ಎಳಿ, ಹಿಂದಿಂದೆಲ್ಲ ಕರಿ ಆಗೂತನಕ. ಉರಿ ಬರೇ ಬಿಳಿ ಉಂಡಿ ಆದ್ರ ಕೆಲಸಕ್ಕ ಬರೂದಿಲ್ಲ. ಸ್ಕ್ರೀನ್ ಮೋಡಿಗೆ ಹಾಕಿದ್ರ ಕರಿ ತಾನ ಹೋಗತೈತಿ, ಕತ್ತರಸೂ ಗೋಜಿಲ್ಲ. ಪಣತಿ ಮಣ್ಣಿನ ಬಟ್ಟಲಾ ಮಾತ್ರ ಬ್ಯಾರೆ ಲೇಯರಿನ್ಯಾಗ, ನಾರ್ಮಲ್ ಮೋಡ್.

ತಿಂಗಳ ತಿಂಗಳ ರೊಕ್ಕ ಕಟ್ಟಿ ಫೋಟೋಶಾಪ್ ತಗೊ ಅನ್ನೋರ ಮಾತು ಬಿಡು, ಇದಕ್ಕ ಪುಕ್ಕಟೆ ಸಿಗೋ ಗಿಂಪ್ ಬೇಕಾದಷ್ಟಾತು.

ಆದ್ರ ಒಂದು. ಹುಡುಗಿ ಗದ್ದದ ಕೆಳಗ ಮೂಲ ಫೋಟೋದಾಗ ಪೂರಾ ಕರಿ ಐತಿ. ಅಲ್ಲಿ ಎತ್ತಿದ್ರ ಚರ್ಮ ಬರೂದಿಲ್ಲ, ಬರೇ ಚುಕ್ಕಿ ಚುಕ್ಕಿ ಬರತಾವ. ವಾಟ್ಸಾಪಿನಿಂದ ಬಂದದ್ದಿದ್ರ, ಹೊಡದವ್ರ ಮೊಬೈಲಿನ್ಯಾಗಿಂದ ಮೂಲ ಫೈಲ್ ಇಸ್ಕೊ. ಅದ್ರಾಗೂ ಇಲ್ಲಂದ್ರ ಪಣತಿನ ಆಯಿ ಕಡೆ ಇನ್ನಷ್ಟು ಸರಸು.