ಸೂಜಿ ಚುಚ್ಚಿದ ಮೇಲೆ ರಿಜಿಸ್ಟರ್‌ನಲ್ಲಿ ಏನು ಬರೆಯಬೇಕು, ಯಾವ ಪರೀಕ್ಷೆ ಯಾವಾಗ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ನಿನ್ನೆ ನೈಟ್ ಡ್ಯೂಟಿಯಲ್ಲಿ ರೋಗಿಯ ರಕ್ತ ತೆಗೆದ ಸೂಜಿ ಬೆರಳಿಗೆ ಚುಚ್ಚಿತು. ಬೆರಳು ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಚ್ಚಿದೆ. ರೋಗಿಯ ಎಚ್‌ಐವಿ ನೆಗೆಟಿವ್ ಇದೆ, ಇನ್ನೇನೂ ಬೇಡ ಎಂದು ಸೀನಿಯರ್ ಹೇಳುತ್ತಿದ್ದಾರೆ. ರಿಜಿಸ್ಟರ್‌ನಲ್ಲಿ ಬರೆಯಲೇಬೇಕೇ? ನನಗೂ ಪರೀಕ್ಷೆ ಬೇಕೇ?

ಉತ್ತರ:

ಎರಡೂ ಬೇಕು, ಅದೂ ಇವತ್ತೇ. ನಾನು ಶಿವಮೊಗ್ಗದಲ್ಲಿ ಸೋಂಕು ನಿಯಂತ್ರಣ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಸೀನಿಯರ್ ಹೇಳಿದ ಮಾತಿನಲ್ಲಿ ಎಚ್‌ಐವಿ ಬಗ್ಗೆ ಸಮಾಧಾನ ಇದೆಯೇ ಹೊರತು ಹೆಪಟೈಟಿಸ್ ಬಿ ಬಗ್ಗೆ ಒಂದು ಅಕ್ಷರವೂ ಇಲ್ಲ. ಆದರೆ ಸೂಜಿ ಚುಚ್ಚಿದಾಗ ಹೆಚ್ಚು ಸುಲಭವಾಗಿ ಹರಡುವುದು ಅದೇ. ಸೋಂಕಿರುವ ರೋಗಿಯ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆಯ ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆಯಾದರೋ ನೂರಕ್ಕೆ 6ರಿಂದ 30ರವರೆಗೂ ಇದೆ.

ಮೊದಲು ತೊಳೆಯುವ ವಿಚಾರ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು. ಹಿಂಡುವುದರಿಂದ ಅಪಾಯ ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲ, ಬದಲಿಗೆ ಸುತ್ತಲಿನ ಚರ್ಮಕ್ಕೆ ಪೆಟ್ಟಾಗುತ್ತದೆ. ಸ್ಪಿರಿಟ್, ಬ್ಲೀಚಿಂಗ್ ದ್ರಾವಣದಂಥವು ಚರ್ಮವನ್ನು ಕೆರಳಿಸುವುದರಿಂದ ಅವನ್ನೂ ಹಚ್ಚಬಾರದು, ಬೆರಳನ್ನು ಬಾಯಿಗಿಡಲಂತೂ ಬಾರದು. ಒಮ್ಮೆ ಸ್ಪಿರಿಟ್ ಹಚ್ಚಿದ್ದರಿಂದ ನಿಮಗೆ ದೊಡ್ಡ ಹಾನಿಯೇನೂ ಆಗಿಲ್ಲ. ಆ ಚಿಂತೆ ಬಿಟ್ಟು ಮುಂದಿನ ಕೆಲಸ ನೋಡಿ.

ಬರೆದಿಡುವುದು ಏಕೆ ಮುಖ್ಯ ಎನ್ನುವುದಕ್ಕೆ ನನ್ನ ಕಣ್ಣೆದುರಿನ ಒಂದು ಪ್ರಕರಣವನ್ನೇ ಹೇಳುತ್ತೇನೆ. ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ, ಮಳೆಗಾಲದ ರಾತ್ರಿ, ಜ್ವರದಿಂದ ಬಂದ ವೃದ್ಧರೊಬ್ಬರಿಗೆ ಐವಿ ಲೈನ್ ಹಾಕುವಾಗ ಕ್ಯಾನ್ಯುಲಾದ ಒಳಸೂಜಿ ನರ್ಸ್ ಒಬ್ಬರ ಬೆರಳಿಗೆ ಚುಚ್ಚಿತು. ವಾರ್ಡಿನ ಪುಸ್ತಕದಲ್ಲಿ ಮೊದಲು ಬಿದ್ದದ್ದು “ಸಿಸ್ಟರ್‌ಗೆ ಸೂಜಿ ಚುಚ್ಚಿದೆ, ಡಾಕ್ಟರಿಗೆ ತಿಳಿಸಲಾಗಿದೆ” ಎಂಬ ಒಂದೇ ಸಾಲು. ಆ ಸಾಲನ್ನು ಓದಿ ಯಾವ ವೈದ್ಯರೂ ಯಾವ ತೀರ್ಮಾನಕ್ಕೂ ಬರಲಾರರು. ಆಮೇಲೆ ಅವರನ್ನು ಕೂರಿಸಿಕೊಂಡು ಕೇಳಿ ಬರೆಸಿದಾಗ ಹೊರಬಂದದ್ದು ಇಷ್ಟು: ರಾತ್ರಿ 2 ಗಂಟೆ 10 ನಿಮಿಷ, ಎಡಗೈ ತೋರುಬೆರಳ ತುದಿ, ಗುಲಾಬಿ ಬಣ್ಣದ 20 ಗೇಜ್ ಕ್ಯಾನ್ಯುಲಾ, ಒಳಸೂಜಿಯ ಮೇಲೆ ಕಣ್ಣಿಗೆ ಕಾಣುವ ರಕ್ತ, ರಕ್ತನಾಳದಿಂದ ಆಗಷ್ಟೇ ಹೊರತೆಗೆದದ್ದು, ಗ್ಲೌಸ್ ಹಾಕಿದ್ದರೂ ಅದನ್ನು ತೂರಿಕೊಂಡು ಹೋಗಿದೆ, ತೊಳೆದ ಮೇಲೂ ರಕ್ತ ಜಿನುಗುತ್ತಿತ್ತು. ಒಳಗೆ ಟೊಳ್ಳಿರುವ ಸೂಜಿಯಲ್ಲಿ ರಕ್ತ ನಿಂತಿರುತ್ತದೆ, ಹೊಲಿಗೆ ಹಾಕುವ ಗಟ್ಟಿ ಸೂಜಿಯಲ್ಲಿ ಅಷ್ಟು ಇರುವುದಿಲ್ಲ. ರಕ್ತನಾಳದಲ್ಲಿದ್ದ ಸೂಜಿ, ಕಾಣುವ ರಕ್ತ, ಆಳದ ಗಾಯ, ಇವು ಮೂರೂ ಅಪಾಯವನ್ನು ಏರಿಸುತ್ತವೆ. ಹೀಗಾಗಿ ಆ ಘಟನೆ ತೀವ್ರ ಸಂಪರ್ಕ ಎಂಬ ವರ್ಗಕ್ಕೆ ಸೇರಿತು. ಬೆಳಗಾದ ಮೇಲೆ ನೆನಪು ಮಾಡಿಕೊಂಡು ಬರೆದಿದ್ದರೆ ಸೂಜಿಯ ಗೇಜ್ ಯಾರಿಗೂ ಸರಿಯಾಗಿ ನೆನಪಿರುತ್ತಿರಲಿಲ್ಲ.

ಆ ರಾತ್ರಿ ಲ್ಯಾಬ್ ಮುಚ್ಚಿತ್ತು. ಎಚ್‌ಐವಿ ತಡೆ ಮಾತ್ರೆಯ ಮೊದಲ ಡೋಸ್ ಆದಷ್ಟೂ 2 ಗಂಟೆಯೊಳಗೆ ಹೋಗಬೇಕು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಆದ್ದರಿಂದ ರೋಗಿಯ ಫಲಿತಾಂಶಕ್ಕೆ ಕಾಯದೆ ವೈದ್ಯರು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆಯನ್ನು ಕೊಟ್ಟರು. ಇದನ್ನು ಪೂರ್ತಿ ಮಾಡಬೇಕಾದರೆ 28 ದಿನ. ಬೆಳಿಗ್ಗೆ ರೋಗಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು ಪರೀಕ್ಷಿಸಿದಾಗ ಎಚ್‌ಐವಿ ನೆಗೆಟಿವ್ ಬಂತು. ಇತ್ತೀಚೆಗೆ ಸೋಂಕು ತಗುಲಿರಬಹುದಾದ ಸಂದರ್ಭವೂ ಇರಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವೈದ್ಯರು ಮಾತ್ರೆ ನಿಲ್ಲಿಸಿದರು. ನಿಮ್ಮ ಸೀನಿಯರ್ ಹೇಳುವಂತೆ ಇಲ್ಲಿಗೇ ಕೈತೊಳೆದುಕೊಂಡಿದ್ದರೆ, ಅದೇ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕನ್ನು ತೋರಿಸುವ ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದದ್ದು ಗೊತ್ತೇ ಆಗುತ್ತಿರಲಿಲ್ಲ.

ಆಗ ಕೆಲಸಕ್ಕೆ ಬಂದದ್ದು ರಿಜಿಸ್ಟರ್‌ನ ಲಸಿಕೆಯ ಕಾಲಂ. ಅವರು ನರ್ಸಿಂಗ್ ಓದುವಾಗ ಮೂರು ಡೋಸ್ ಹಾಕಿಸಿಕೊಂಡಿದ್ದರು, ಆದರೆ ಆ ಲಸಿಕೆ ದೇಹಕ್ಕೆ ಹತ್ತಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಆಂಟಿ ಎಚ್‌ಬಿಎಸ್ ಎಂಬ ಪರೀಕ್ಷೆಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದು ಲೆಕ್ಕ. ಅವರಿಗೆ ಬಂದದ್ದು 4. ತಕ್ಷಣ ಶಿವಮೊಗ್ಗದಿಂದ ಹೆಪಟೈಟಿಸ್ ಬಿ ಇಮ್ಯುನೊಗ್ಲೋಬುಲಿನ್ ತರಿಸಿ, ಅದನ್ನೂ ಲಸಿಕೆಯ ಹೊಸ ಡೋಸನ್ನೂ ದೇಹದ ಬೇರೆ ಬೇರೆ ಜಾಗದಲ್ಲಿ ಕೊಡಲಾಯಿತು. ಇದನ್ನು 24 ಗಂಟೆಯೊಳಗೆ ಕೊಡುವುದು ಉತ್ತಮ. ಏಳು ದಿನ ಕಳೆದ ಮೇಲೆ ಕೊಟ್ಟರೆ ಉಪಯೋಗವಾಗುತ್ತದೆ ಎನ್ನಲು ಆಗುವುದಿಲ್ಲ. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ: ಬುನಾದಿ ಪರೀಕ್ಷೆಗೆ ರಕ್ತವನ್ನು ಈ ಇಂಜೆಕ್ಷನ್‌ಗೆ ಮೊದಲೇ ತೆಗೆಯಬೇಕು. ಇಂಜೆಕ್ಷನ್‌ನಲ್ಲಿ ಇರುವುದೇ ಸಿದ್ಧ ಆಂಟಿಬಾಡಿ ಆದ್ದರಿಂದ, ಆಮೇಲೆ ಹಲವು ತಿಂಗಳು ಆಂಟಿ ಎಚ್‌ಬಿಎಸ್ ಎಷ್ಟೇ ಬಂದರೂ ಅದು ನಿಮ್ಮ ಸ್ವಂತದ್ದೋ ಹೊರಗಿನದ್ದೋ ತಿಳಿಯುವುದಿಲ್ಲ.

ಈಗ ನಿಮ್ಮ ವಿಷಯ. ಏಳು ದಿನದ ಗಡುವು ನಿಮಗೆ ಇನ್ನೂ ಇದೆ, ಆದರೆ ಇವತ್ತೇ ಮುಗಿಸಿಕೊಳ್ಳಿ. ರೋಗಿಯ ಎಚ್‌ಬಿಎಸ್‌ಎಜಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯೇ ಎಂದು ನೋಡಿ, ಆಗಿರದಿದ್ದರೆ ಒಪ್ಪಿಗೆ ಪಡೆದು ಮಾಡಿಸಲು ವೈದ್ಯರಿಗೆ ಹೇಳಿ. ನಿಮ್ಮ ರಕ್ತದಲ್ಲಿ ಎಚ್‌ಐವಿ, ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಬಿಎಸ್, ಹೆಪಟೈಟಿಸ್ ಸಿ ಆಂಟಿಬಾಡಿ ನಾಲ್ಕನ್ನೂ ಮಾಡಿಸಿ. ನಿನ್ನೆಯ ಚುಚ್ಚಿನಿಂದ ಸೋಂಕು ತಗುಲಿದ್ದರೆ ಇದು ಅದನ್ನು ಈಗಲೇ ತೋರಿಸುವುದಿಲ್ಲ. ಚುಚ್ಚುವ ಮೊದಲು ನೀವು ಹೇಗಿದ್ದಿರಿ ಎಂಬುದಕ್ಕೆ ಇದೊಂದೇ ದಾಖಲೆ, ಮುಂದೆ ಇದು ಕೆಲಸದ ಸ್ಥಳದಲ್ಲೇ ಬಂದದ್ದೆಂದು ತೋರಿಸಬೇಕಾದರೆ ಇದಿಲ್ಲದೆ ಆಗದು.

ಮುಂದಿನ ಪರೀಕ್ಷೆಗಳು ರೋಗಿಯ ಫಲಿತಾಂಶವನ್ನು ಅವಲಂಬಿಸಿವೆ. ಮೂರೂ ನೆಗೆಟಿವ್ ಆಗಿದ್ದು, ರೋಗಿಗೆ ಇತ್ತೀಚಿನ ಸೋಂಕಿನ ಅನುಮಾನವಿಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಬೇಕಿಲ್ಲ. ಹೆಪಟೈಟಿಸ್ ಬಿ ಇದ್ದು ನಿಮಗೆ ರಕ್ಷಣೆ ಇಲ್ಲದಿದ್ದರೆ 6 ತಿಂಗಳಿಗೆ ಮತ್ತೆ ನೋಡಬೇಕು. ಹೆಪಟೈಟಿಸ್ ಸಿ ಇದ್ದರೆ ತಡೆ ಔಷಧಿ ಇಲ್ಲ. ಆಂಟಿಬಾಡಿ ಕಾಣಿಸಿಕೊಳ್ಳಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಬಹುದಾದ್ದರಿಂದ 3ರಿಂದ 6 ವಾರದೊಳಗೆ ಆರ್‌ಎನ್‌ಎ ಪರೀಕ್ಷೆಯನ್ನೇ ಕೇಳಿ, 4ರಿಂದ 6 ತಿಂಗಳಿಗೆ ಆಂಟಿಬಾಡಿ ಪರೀಕ್ಷೆ ಮಾಡಿಸಿ. ಸೋಂಕು ಸಿಕ್ಕರೂ ಮಾತ್ರೆಗಳಿಂದ ಬಹುತೇಕ ಎಲ್ಲರಿಗೂ ಗುಣವಾಗುತ್ತದೆ. ಎಚ್‌ಐವಿ ಅಪಾಯ ಉಳಿದವರಿಗೆ 6 ವಾರ, 3 ತಿಂಗಳು, 6 ತಿಂಗಳು ಎಂಬುದು ನಮ್ಮಲ್ಲಿನ ಕ್ರಮ. ಅಪಾಯ ಉಳಿದಿರುವಷ್ಟು ಕಾಲ ರಕ್ತದಾನ ಮಾಡಬೇಡಿ, ಕಾಂಡೋಮ್ ಬಳಸಿ. ಮಗುವಿಗೆ ಹಾಲುಣಿಸುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ರಿಜಿಸ್ಟರ್‌ನಲ್ಲಿ ಇವತ್ತಿನ ದಿನಾಂಕ ಹಾಕಿ, “ನಿನ್ನೆಯ ಘಟನೆ, ತಡವಾಗಿ ದಾಖಲು” ಎಂದೇ ಬರೆಯಿರಿ, ಹಿಂದಿನ ದಿನಾಂಕ ಹಾಕಬೇಡಿ. ಸೂಜಿ ಚುಚ್ಚಿದ್ದು ಕ್ಯಾಪ್ ಹಾಕುವಾಗಲೋ, ರೋಗಿ ಕೈ ಎಳೆದಾಗಲೋ, ಡಬ್ಬಿ ತುಂಬಿ ಉಕ್ಕುತ್ತಿದ್ದಾಗಲೋ ಎಂಬುದನ್ನೂ ಬರೆಯಿರಿ. ರೋಗಿಯ ಹೆಸರಿನ ಬದಲು ಆಸ್ಪತ್ರೆಯ ನಂಬರ್ ಸಾಕು. ವೈದ್ಯರ ಸಹಿ ಪಡೆದು ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಯಾರಾದರೂ ಬರೆಯಬೇಡಿ ಎಂದರೆ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಇಂಥ ಅಪಾಯವಿರುವ ಸಿಬ್ಬಂದಿಗೆ ಸುರಕ್ಷತಾ ಕ್ರಮ, ತರಬೇತಿ, ತಡೆ ಔಷಧಿ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು ಹೇಳಿ. ಅಲ್ಲಿ ವ್ಯವಸ್ಥೆಯೇ ಇಲ್ಲವಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಇವತ್ತೇ ಹೋಗಿ, ದಾರಿ ಕೇಳಲು 1097ಕ್ಕೆ ಕರೆ ಮಾಡಬಹುದು. ಹೋಗುವಾಗ ನಿಮ್ಮ ಲಸಿಕೆಯ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ.