ಪಟಾಕಿ ಗಾಯಗಳ ವರದಿ: ಸ್ಥಳ, ವಯಸ್ಸು, ಪ್ರಥಮ ಚಿಕಿತ್ಸೆ

ಪ್ರಶ್ನೆ: ನಮ್ಮದು ಉಡುಪಿಯ ಒಂದು ಸಣ್ಣ ಬಡಾವಣೆ. ದೀಪಾವಳಿಯಲ್ಲಿ ಪಟಾಕಿಯಿಂದ ಆದ ಗಾಯಗಳ ಬಗ್ಗೆ ನಮ್ಮ ನಿವಾಸಿಗಳ ಸಂಘ ಒಂದು ವರದಿ ಮಾಡಬೇಕೆಂದಿದೆ. ಎಲ್ಲಿ ಆಯಿತು, ವಯಸ್ಸೆಷ್ಟು, ಪ್ರಥಮ ಚಿಕಿತ್ಸೆ ಏನು ಎಂಬ ಮೂರು ಕಾಲಂ ಸಾಕೇ? ಮಾಡಿದವರು ಯಾರಾದರೂ ಇದ್ದರೆ ತಿಳಿಸಿ.

ಉತ್ತರ: ಮೂರು ಕಾಲಂ ಸಾಕು, ಆದರೆ ಪ್ರತಿಯೊಂದರಲ್ಲೂ ಒಂದೇ ಪದ ಬರೆದರೆ ಆ ವರದಿಯಿಂದ ಏನೂ ತಿಳಿಯುವುದಿಲ್ಲ. ನಾನು ವೃತ್ತಿಯಲ್ಲಿ ಶುಶ್ರೂಷಕಿ. ಮಂಗಳೂರಿನ ನಮ್ಮ ಬಡಾವಣೆಯ ಸಂಘಕ್ಕೆ ಇಂಥದೇ ವರದಿಯನ್ನು ಬರೆದುಕೊಟ್ಟಿದ್ದೇನೆ. ಅದರಲ್ಲಿನ ಒಂದು ಪ್ರಕರಣವನ್ನು ಪೂರ್ತಿಯಾಗಿ ಹೇಳಿದರೆ ಯಾವ ವಿವರ ಏಕೆ ಬೇಕು ಎಂಬುದು ಸ್ಪಷ್ಟವಾಗಬಹುದು.

ನರಕ ಚತುರ್ದಶಿಯ ಸಂಜೆ ಏಳು ವರ್ಷದ ಹುಡುಗಿಯೊಬ್ಬಳಿಗೆ ಅಂಗಾಲು ಸುಟ್ಟಿತು. ಮನೆಯವರು ಮೊದಲು ಹೇಳಿದ್ದು ‘ಮನೆಯ ಹತ್ತಿರ, ಪಟಾಕಿಯಿಂದ’ ಎಂದಷ್ಟೇ. ವಿಚಾರಿಸುತ್ತಾ ಹೋದಾಗ ತಿಳಿದದ್ದು ಇದು: ಆಕೆ ಏನನ್ನೂ ಹಚ್ಚುತ್ತಿರಲಿಲ್ಲ. ಅಣ್ಣ ಉರಿಸಿ ಮುಗಿಸಿದ ನಕ್ಷತ್ರಕಡ್ಡಿಯನ್ನು ಜಗಲಿಯ ಮೆಟ್ಟಿಲ ಬದಿಯಲ್ಲಿ ಎಸೆದಿದ್ದ. ಒಳಗಿನಿಂದ ಇನ್ನೊಂದು ಪೊಟ್ಟಣ ತರಲು ಬರಿಗಾಲಿನಲ್ಲಿ ಓಡಿದ ಹುಡುಗಿ ಅದರ ಮೇಲೆ ಕಾಲಿಟ್ಟಳು. ನಕ್ಷತ್ರಕಡ್ಡಿ ಸದ್ದು ಮಾಡದಿರುವುದರಿಂದ ಹಿರಿಯರು ಅದನ್ನು ಮಕ್ಕಳಿಗೆ ನಿಶ್ಚಿಂತೆಯಿಂದ ಕೊಡುತ್ತಾರೆ. ಆದರೆ ಅದು ಉರಿಯುವಾಗ ಶಾಖ ಸುಮಾರು 1000 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ, ಮತ್ತು ಬೆಳಕು ಆರಿದ ಮೇಲೂ ಅದರ ತಂತಿ ಸ್ವಲ್ಪ ಹೊತ್ತು ಚರ್ಮವನ್ನು ಸುಡುವಷ್ಟು ಬಿಸಿಯಾಗಿಯೇ ಇರುತ್ತದೆ. ಕತ್ತಲಲ್ಲಿ ಆ ಕಪ್ಪು ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಪಟಾಕಿಯ ಗುರುತಿದ್ದರೂ ಸುಡುವ ವಿಷಯದಲ್ಲಿ ವ್ಯತ್ಯಾಸವಿಲ್ಲ. ಆ ಗುರುತು ಹೊಗೆಯ ಕಣಗಳು ಕಡಿಮೆ ಎಂಬುದಕ್ಕೆ, ಶಾಖ ಕಡಿಮೆ ಎಂಬುದಕ್ಕಲ್ಲ.

ಆದ್ದರಿಂದ ಸ್ಥಳದ ಕಾಲಂನಲ್ಲಿ ರಸ್ತೆಯ ಹೆಸರನ್ನು ಬರೆಯುವುದಕ್ಕಿಂತ ಜಗಲಿಯೇ, ಅಂಗಳವೇ, ಗೇಟಿನ ಹೊರಗೇ, ತಾರಸಿಯೇ ಎಂದು ಬರೆಯಿರಿ. ಅದರ ಜೊತೆಗೆ ಗಾಯಗೊಂಡವರು ಆ ಕ್ಷಣದಲ್ಲಿ ಏನು ಮಾಡುತ್ತಿದ್ದರು, ಹಚ್ಚುತ್ತಿದ್ದರೇ, ನೋಡುತ್ತಾ ನಿಂತಿದ್ದರೇ ಅಥವಾ ಸುಮ್ಮನೆ ಹಾದುಹೋಗುತ್ತಿದ್ದರೇ ಎಂಬುದು ಕಡ್ಡಾಯವಾಗಿ ಇರಲಿ. ಪಟಾಕಿ ಹಚ್ಚಿದವನಿಗಿಂತ ಪಕ್ಕದಲ್ಲಿದ್ದವರಿಗೆ ಪೆಟ್ಟಾಗುವುದು ಅಪರೂಪವೇನಲ್ಲ, ಮತ್ತು ‘ಹಚ್ಚುವಾಗ ಎಚ್ಚರ’ ಎಂಬ ಸೂಚನೆಯಿಂದ ಅಂಥವರಿಗೆ ಯಾವ ಪ್ರಯೋಜನವೂ ಇಲ್ಲ. ಈ ಹುಡುಗಿಯ ಪ್ರಕರಣದಿಂದ ನಮಗೆ ಸಿಕ್ಕ ಕ್ರಮ ತೀರಾ ಸರಳವಾದದ್ದು: ಮೆಟ್ಟಿಲ ಪಕ್ಕ ಒಂದು ಬಕೆಟ್ ನೀರು, ಮುಗಿದ ಕಡ್ಡಿ ನೇರವಾಗಿ ಅದರೊಳಗೆ, ಅಂಗಳಕ್ಕಿಳಿಯುವವರ ಕಾಲಿಗೆ ಚಪ್ಪಲಿ.

ವಯಸ್ಸನ್ನು ‘ಮಗು’, ‘ದೊಡ್ಡವರು’ ಎಂದು ಗುಂಪು ಮಾಡದೆ ವರ್ಷದಲ್ಲಿಯೇ ಬರೆಯಿರಿ. ಮೂರು ವರ್ಷದ ಮಗುವಿಗೆ ಆಗುವ ಗಾಯ ಸಾಮಾನ್ಯವಾಗಿ ಯಾರದೋ ಕಂಕುಳಲ್ಲಿ ಕುಳಿತು ನಕ್ಷತ್ರಕಡ್ಡಿ ಹಿಡಿದಾಗ ಕೈಗೆ ಅಥವಾ ಬಟ್ಟೆಗೆ ತಗಲುವಂಥದ್ದು. ಹನ್ನೆರಡರ ಹುಡುಗನದ್ದು ಸಿಡಿಯದೆ ಉಳಿದ ಪಟಾಕಿಯ ಮದ್ದು ಒಟ್ಟುಮಾಡಿ ಹಚ್ಚಲು ಹೋದಾಗ, ಇಲ್ಲವೇ ಪಟಾಕಿಯ ಮೇಲೆ ಗೆರಟೆಯನ್ನೋ ಡಬ್ಬವನ್ನೋ ಕವುಚಿ ಹಾರಿಸಿದಾಗ ಆಗುವಂಥದ್ದು. ಇವೆರಡನ್ನೂ ಒಂದೇ ಗುಂಪಿಗೆ ಸೇರಿಸಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಹತ್ತಿರದಲ್ಲಿ ಹಿರಿಯರು ಇದ್ದರೇ ಎಂದು ಕೂಡ ಕೇಳಿ, ಆದರೆ ಆರೋಪದ ಧ್ವನಿಯಲ್ಲಿ ಕೇಳಬೇಡಿ; ಹಾಗೆ ಕೇಳಿದರೆ ಪಕ್ಕದ ಮನೆಯವರು ಮುಂದಿನ ಗಾಯವನ್ನು ಹೇಳುವುದೇ ಇಲ್ಲ.

ಮೂರನೆಯ ಕಾಲಂ ಅತಿ ಮುಖ್ಯವಾದದ್ದು. ಹುಡುಗಿ ಕಿರುಚಿದ ತಕ್ಷಣ ಅವಳ ಅಜ್ಜಿ ಟೂತ್‌ಪೇಸ್ಟ್ ತಂದಿದ್ದರು. ಪಕ್ಕದ ಮನೆಯ ಅಕ್ಕ, ‘ಅಮ್ಮಾ, ಅದು ಬೇಡ, ಮೊದಲು ನೀರು ಬಿಡುವ’ ಎಂದು ತಡೆದು, ಅಂಗಳದ ನಲ್ಲಿಯ ಕೆಳಗೆ ಕಾಲನ್ನು ಹಿಡಿಸಿದರು. ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರು ಪೂರ್ತಿ 20 ನಿಮಿಷ ಬೀಳಬೇಕು. ಚರ್ಮದ ಮೇಲ್ಪದರ ತಣ್ಣಗಾದರೂ ಒಳಗೆ ಉಳಿದ ಶಾಖ ಇನ್ನೂ ಕೆಳಕ್ಕೆ ಸುಡುತ್ತಿರುತ್ತದೆ. ಎರಡು ನಿಮಿಷಕ್ಕೆ ನೋವು ತಗ್ಗಿತೆಂದು ನಲ್ಲಿ ನಿಲ್ಲಿಸುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಕೂಡಲೇ ಆಗದಿದ್ದರೆ ಮೂರು ಗಂಟೆಯೊಳಗೆ ನೀರು ಬಿಟ್ಟರೂ ಪ್ರಯೋಜನವಿದೆ. ಮಂಜುಗಡ್ಡೆ ಬೇಡ, ಅದು ರಕ್ತಸಂಚಾರವನ್ನು ಕುಗ್ಗಿಸಿ ಗಾಯವನ್ನು ಆಳಗೊಳಿಸಬಹುದು. ಟೂತ್‌ಪೇಸ್ಟ್, ಅರಿಶಿನ, ಕಾಫಿಪುಡಿ, ಶಾಯಿ ಇವು ಸೋಂಕಿಗೆ ದಾರಿ ಮಾಡುವುದಲ್ಲದೆ ಗಾಯ ಎಷ್ಟು ಆಳವಿದೆ ಎಂದು ವೈದ್ಯರು ನೋಡುವುದಕ್ಕೂ ಅಡ್ಡಿಯಾಗುತ್ತವೆ. ಊದಿಕೊಳ್ಳುವ ಮೊದಲೇ ಕಾಲುಗೆಜ್ಜೆ, ಬಳೆ, ಉಂಗುರಗಳನ್ನು ತೆಗೆಯಬೇಕು, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು, ಗುಳ್ಳೆ ಒಡೆಯಬಾರದು. ನಂತರ ತೊಳೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಕರೆದೊಯ್ಯಬೇಕು. ಚಿಕ್ಕ ಮಗುವಾದರೆ ಸುಟ್ಟ ಭಾಗವನ್ನಷ್ಟೇ ತಣ್ಣಗೆ ಮಾಡಿ, ಉಳಿದ ಮೈಯನ್ನು ಬೆಚ್ಚಗಿಡಿ.

ನಾವು ವರದಿಯಲ್ಲಿ ಬರೆದದ್ದು ಹೀಗೆ: ‘7 ವರ್ಷ, ಹೆಣ್ಣು; ಜಗಲಿಯ ಮೆಟ್ಟಿಲು, ಹಾದುಹೋಗುವಾಗ, ಬರಿಗಾಲು; ಎಸೆದ ನಕ್ಷತ್ರಕಡ್ಡಿ; ಅಂಗಾಲು, ಗುಳ್ಳೆ; ತಕ್ಷಣ ನಲ್ಲಿ ನೀರು, 20 ನಿಮಿಷ; ಬೇರೇನೂ ಹಚ್ಚಿಲ್ಲ; ಅದೇ ರಾತ್ರಿ ವೈದ್ಯರಲ್ಲಿಗೆ.’ ಗಾಯ ಚಿಕ್ಕದಿದ್ದರೂ ವೈದ್ಯರಲ್ಲಿಗೆ ಹೋಗಲೇಬೇಕಾಗಿತ್ತು, ಏಕೆಂದರೆ ಮುಖ, ಕೈ, ಪಾದ, ಕೀಲು ಮತ್ತು ಗುಪ್ತಾಂಗದ ಸುಟ್ಟಗಾಯವನ್ನು ಮನೆಯಲ್ಲಿ ನೋಡಿಕೊಳ್ಳುವಂತಿಲ್ಲ. ಬೇರೆಡೆ ಆದರೂ ಗಾಯಗೊಂಡವರ ಸ್ವಂತ ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ಬಿಳಿಚಿಕೊಂಡು ನೋವೇ ಇಲ್ಲದಿದ್ದರೆ, ತಡಮಾಡಬಾರದು. ನೋವಿಲ್ಲದಿರುವುದು ಅಲ್ಲಿ ಒಳ್ಳೆಯ ಲಕ್ಷಣವಲ್ಲ. ನರಗಳೂ ಸುಟ್ಟಿವೆ ಎಂದರ್ಥ.

ಕಣ್ಣಿನ ಗಾಯವನ್ನು ಇದೇ ನಿಯಮದಲ್ಲಿ ನೋಡಬೇಡಿ, ಏಕೆಂದರೆ ಅಲ್ಲಿ ನೀರು ಕೆಲವೊಮ್ಮೆ ತಪ್ಪು. ಹೊಗೆ ಅಥವಾ ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧ ನೀರಿನಿಂದ 15ರಿಂದ 20 ನಿಮಿಷ ತೊಳೆಯಬೇಕು. ಗೆರಟೆಯ ಚೂರೋ ಕಲ್ಲೋ ಬಡಿದಿದ್ದರೆ ತೊಳೆಯಬಾರದು, ಉಜ್ಜಬಾರದು, ಹತ್ತಿ ಇಟ್ಟು ಒತ್ತಬಾರದು, ಮನೆಯಲ್ಲಿದ್ದ ಯಾವ ಹನಿಯನ್ನೂ ಹಾಕಬಾರದು. ಕಾಗದದ ಲೋಟವೊಂದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಇಟ್ಟು ಅಂಟುಪಟ್ಟಿ ಹಾಕಿ, ತಲೆ ಎತ್ತರದಲ್ಲಿರುವಂತೆ ಕೂರಿಸಿಕೊಂಡು ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕಣ್ಣು ಕಾಣುತ್ತದೆ ಎಂಬ ಕಾರಣಕ್ಕೆ ಬೆಳಗಿನವರೆಗೆ ಕಾಯಬಾರದು, ಒಳಗಿನ ರಕ್ತಸ್ರಾವ ಕನ್ನಡಿಯಲ್ಲಿ ನೋಡಿದರೆ ತಿಳಿಯದೇ ಇರಬಹುದು.

ನಿಮ್ಮ ಬಡಾವಣೆ ಸಣ್ಣದು ಎಂದಿದ್ದೀರಿ, ಆದ್ದರಿಂದ ಶೇಕಡಾವಾರು ಲೆಕ್ಕ ಹಾಕಬೇಡಿ. ನಾಲ್ಕೈದು ಗಾಯಗಳಲ್ಲಿ ಒಂದು ಹೆಚ್ಚು ಕಡಿಮೆಯಾದರೂ ಶೇಕಡಾ ಲೆಕ್ಕ ತಲೆಕೆಳಗಾಗುತ್ತದೆ; ಪ್ರಕರಣಗಳನ್ನೇ ಸಾಲಾಗಿ ಬರೆದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ. ಹೆಸರು, ಮನೆ ಸಂಖ್ಯೆ ಬೇಡ. ಆಸ್ಪತ್ರೆಗೆ ಹೋಗದವರ ಗಾಯವೂ ಸೇರಬೇಕಾದರೆ ಬಲಿಪಾಡ್ಯ ಮುಗಿದ ವಾರದೊಳಗೆ ಮನೆ ಮನೆಗೆ ಹೋಗಿ ಕೇಳಬೇಕು, ಏಕೆಂದರೆ ಎಷ್ಟು ನಿಮಿಷ ನೀರು ಬಿಟ್ಟರು ಎಂಬಂಥ ವಿವರ ಬೇಗನೆ ಮರೆತುಹೋಗುತ್ತದೆ. ಸುಟ್ಟಗಾಯದ ಆಳ ಎರಡು ಮೂರು ದಿನಗಳಲ್ಲಿ ಬದಲಾಗುವುದರಿಂದ ಅಂಥ ಮನೆಗೆ ಇನ್ನೊಮ್ಮೆ ಹೋಗಿ.

ವರದಿಯನ್ನು ತುಳಸಿ ಪೂಜೆಗೆ ಮೊದಲೇ ಮುಗಿಸಿ ಓದಿ ಹೇಳಿ. ನಮ್ಮ ಕಡೆ ಉಳಿದ ಪಟಾಕಿಯನ್ನೆಲ್ಲ ಉತ್ಥಾನ ದ್ವಾದಶಿಯಂದು ಹಚ್ಚುತ್ತಾರೆ. ಅಷ್ಟರಲ್ಲಿ ಕರಾವಳಿಯ ತೇವಕ್ಕೆ ಅವು ತಣಸು ಹಿಡಿದಿರುತ್ತವೆ, ಬತ್ತಿ ಆರಿದಂತೆ ಕಂಡು ತಡವಾಗಿ ಸಿಡಿಯುತ್ತವೆ. ಸಿಡಿಯದ ಪಟಾಕಿಯ ಮೇಲೆ ಬಗ್ಗದೆ, ಬಹಳ ಹೊತ್ತು ಕಾದು, ದೂರದಿಂದ ನೀರು ಸುರಿದು ಬಿಟ್ಟುಬಿಡಬೇಕೆಂಬುದನ್ನು ಆ ದಿನದ ಒಳಗೆ ಎಲ್ಲ ಮನೆಗೂ ಮುಟ್ಟಿಸಿ.