ಬಿಲ್ಲಿನಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು

ಪ್ರಶ್ನೆ: ರಾಯಚೂರಿನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ವಾಟ್ಸಾಪಿನಲ್ಲಿ ಬಂದ ಸ್ಕ್ಯಾನ್ ಬಿಲ್ಲಿನಲ್ಲಿ ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಇದೆ. ಅಕ್ಷರದಲ್ಲಿ ಇದ್ದದ್ದೇ ಲೆಕ್ಕ ಅಂತಾರಲ್ಲ, ಅದನ್ನೇ ಎಂಟ್ರಿ ಮಾಡಬಹುದಾ?

ಬೇಡ, ಈಗಲೇ ಮಾಡಬೇಡಿ. 'ಅಕ್ಷರದ್ದೇ ಲೆಕ್ಕ' ಅನ್ನೋದು ಚೆಕ್ಕಿನ ನಿಯಮ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ಅದು ಇದೆ. ಚೆಕ್, ಪ್ರಾಮಿಸರಿ ನೋಟ್, ಹುಂಡಿಯಂಥ ಪತ್ರಗಳಿಗೆ ಅದು ಸಲ್ಲುತ್ತದೆ. ಅಂಗಡಿಯವರು ಕೊಡುವ ಬಿಲ್ಲು ಆ ಸಾಲಿಗೆ ಸೇರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಹೇಳುವ 46ನೇ ನಿಯಮದಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯಬೇಕು ಅಂತಲೇ ಇಲ್ಲ. ನಾವು ರೂಢಿಯಿಂದ ಬರೆಯುತ್ತೇವೆ, ಅಷ್ಟೇ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡುತ್ತೇನೆ. ನಮಗೂ ಇಂಥದ್ದೇ ಒಂದು ಬಂದಿತ್ತು. ಬಳ್ಳಾರಿಯ ಒಂದು ಅಂಗಡಿಯಿಂದ ಬೇರಿಂಗ್, ಬೆಲ್ಟ್ ತರಿಸಿದ್ದೆವು. ಕೈಬರಹದ ಬಿಲ್ಲು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದರು. ಕೆಳಗೆ ಅಂಕಿಯಲ್ಲಿ 28,556. ಅದರ ಕೆಳಗೆ 'ಇಪ್ಪತ್ತಾರು ಸಾವಿರದ ಐನೂರ ಐವತ್ತಾರು ರೂಪಾಯಿ ಮಾತ್ರ'. ನಮ್ಮ ಸಾಹುಕಾರರು ನೋಡಿದವರೇ ನಕ್ಕರು. "ಅಕ್ಷರದಾಗ ಬರದಾರಲ್ಲ, ಅಷ್ಟೇ ಕೊಡು."

ಮೊದಲು ನೋಡಬೇಕಾದ್ದು ತಪ್ಪು ಕಾಗದದಲ್ಲಿದೆಯೋ ಸ್ಕ್ಯಾನಿನಲ್ಲಿದೆಯೋ ಅಂತ. ಸ್ಕ್ಯಾನ್ ಆ್ಯಪ್‌ಗಳು ಕಪ್ಪು-ಬಿಳುಪು ಮೋಡಿನಲ್ಲಿ ನಡುವಿನ ಬೂದು ಬಣ್ಣವನ್ನೇ ಕಿತ್ತು ಹಾಕುತ್ತವೆ. ಪೆನ್ನಿನ ತೆಳ್ಳಗಿನ ಗೆರೆ ಅಳಿಸಿಹೋಗುತ್ತದೆ, ದಪ್ಪ ಗೆರೆ ಹರಡಿ ಸೊನ್ನೆಯ ಹೊಟ್ಟೆ ಮುಚ್ಚಿಹೋಗುತ್ತದೆ. ಆಗ 8 ಹೋಗಿ 6 ಆಗುತ್ತದೆ, 3 ಹೋಗಿ 8 ಆಗುತ್ತದೆ. ಪೈಸೆಯ ಮುಂದಿನ ಚುಕ್ಕಿ ಮಾಯವಾಗುವುದೂ ಉಂಟು. ಇಲ್ಲಿ ಮಸುಕು ಕಂಡರೆ ಅನುಮಾನ ಬರುತ್ತದೆ, ಅದು ಒಳ್ಳೆಯದೇ. ಅಪಾಯ ಜಾಸ್ತಿ ಇರುವುದು ಅಂಕಿ ಸ್ಪಷ್ಟವಾಗಿ ಕಂಡೂ ತಪ್ಪಾಗಿದ್ದಾಗ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದನ್ನೇ ತೋರಿಸಿದರು. ಕೆಲವು ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ ಚೆಂದವಾಗಿ 8 ಕೂರಿಸುತ್ತಿದ್ದವು. ಫೈಲು ಚಿಕ್ಕದಾಗಲಿ ಅಂತ ಒಂದೇ ಥರ ಕಾಣುವ ಅಂಕಿಗಳಿಗೆಲ್ಲ ಒಂದೇ ಚಿತ್ರ ಬಳಸುವ ಪದ್ಧತಿ ಅದು. ಹಾಗಾಗಿ ನಾನು ಮೊದಲು ಕೇಳುವುದೇ ಕಾಗದದ ಬಣ್ಣದ ಫೋಟೋ. ಅದನ್ನೂ ವಾಟ್ಸಾಪಿನಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ. ಚಿತ್ರವಾಗಿ ಕಳಿಸಿದರೆ ಇನ್ನಷ್ಟು ಹಿಂಡಿ ಕಳಿಸುತ್ತದೆ.

ಅಕ್ಷರಕ್ಕೂ ಇದೇ ಗತಿ, ಕನ್ನಡದಲ್ಲಂತೂ. ಒಮ್ಮೆ ಹಮಾಲಿ ಚೀಟಿಯಲ್ಲಿ ಅಂಕಿಯಲ್ಲಿ 2,720 ಇತ್ತು, ಅಕ್ಷರದಲ್ಲಿ 'ಎರಡು ಸಾವಿರದ ಏಳುನೂರ ಎಪ್ಪತ್ತು' ಅಂತ ಓದಿದೆ. ಐವತ್ತು ರೂಪಾಯಿ ಫರಕು. ಚೀಲ 340, ಚೀಲಕ್ಕೆ 8 ರೂಪಾಯಿ, ಗುಣಿಸಿದರೆ 2,720. ಕಾಗದ ತರಿಸಿ ನೋಡಿದೆ. ಅಲ್ಲಿ ಇದ್ದದ್ದು 'ಇಪ್ಪತ್ತು'. ಮೊದಲ ಅಕ್ಷರದ ಗೆರೆ ಸ್ಕ್ಯಾನಿನಲ್ಲಿ ಅರ್ಧ ಹೋಗಿತ್ತು. 'ಇ', 'ಎ' ಬಿಟ್ಟರೆ ಎರಡೂ ಒಂದೇ ಪದ ಅಲ್ವಾ!

ಬೇರಿಂಗ್ ಬಿಲ್ಲಿನಲ್ಲಿ ಹಾಗಿರಲಿಲ್ಲ. ಬಣ್ಣದ ಫೋಟೋದಲ್ಲೂ 'ಇಪ್ಪತ್ತಾರು' ಅಂತಲೇ ಇತ್ತು. ತಪ್ಪು ಕಾಗದದ್ದೇ. ಆಗ ನಂಬಬೇಕಾದ್ದು ಮೇಲಿನ ಸಾಲುಗಳನ್ನು. ಬೇರಿಂಗ್ 12, ಒಂದಕ್ಕೆ 1,150, ಒಟ್ಟು 13,800. ಬೆಲ್ಟ್ 16, ಒಂದಕ್ಕೆ 650, ಒಟ್ಟು 10,400. ಎರಡೂ ಸೇರಿ 24,200. ಅದರ ಮೇಲೆ ಶೇಕಡಾ 9ರ ಹಾಗೆ ಸಿಜಿಎಸ್‌ಟಿ 2,178, ಎಸ್‌ಜಿಎಸ್‌ಟಿ ಅಷ್ಟೇ. ಎಲ್ಲ ಕೂಡಿದರೆ 28,556. ಅಂಕಿ ಸರಿ, ಅಕ್ಷರ ತಪ್ಪು.

ಮೇಲಿನ ಸಾಲುಗಳೂ ಮಸುಕಾಗಿದ್ದರೆ ಹಿಂದಿನಿಂದ ಬನ್ನಿ. ತೆರಿಗೆ ಶೇಕಡಾ 18 ಇದ್ದರೆ ಮೊತ್ತವನ್ನು 1.18ರಿಂದ ಭಾಗಿಸಿ. 28,556 ಆದರೆ ಸರಿಯಾಗಿ 24,200 ಬರುತ್ತದೆ. 26,556 ಆದರೆ 22,505 ರೂಪಾಯಿ 8 ಪೈಸೆ ಬರುತ್ತದೆ. ಇಡಿ ರೂಪಾಯಿ ದರದ ಮಾಲಿಗೆ ಎಂಟು ಪೈಸೆ ಎಲ್ಲಿಂದ ಬಂತು? ಬಿಲ್ಲಿನಲ್ಲಿ ಡಿಸ್ಕೌಂಟ್ ಅಥವಾ ರೌಂಡ್ ಆಫ್ ಸಾಲು ಇದ್ದರೆ ಮಾತ್ರ ಈ ಪರೀಕ್ಷೆ ಇಷ್ಟು ಸಲೀಸಲ್ಲ, ರೌಂಡ್ ಆಫ್ ಅನ್ನು ಮೊದಲು ತೆಗೆದಿಟ್ಟು ಭಾಗಿಸಬೇಕು, ತೆರಿಗೆಗೆ ಮುಂಚೆ ಕಳೆದ ಡಿಸ್ಕೌಂಟನ್ನು ಭಾಗಿಸಿದ ಮೇಲೆ ಕೂಡಿಸಬೇಕು.

ಫರಕು ಎಷ್ಟು ಅನ್ನೋದೂ ಮಾತಾಡುತ್ತದೆ. ನಮ್ಮದು ಸರಿಯಾಗಿ 2,000. ಅಂದರೆ ಒಂದೇ ಅಂಕಿ ಎಡವಿದೆ. ಫರಕು ಒಂಬತ್ತರಿಂದ ಭಾಗವಾದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಂಶಯ ಪಡಬಹುದು. 28,556 ಬದಲು 25,856 ಅಂತ ಬರೆದರೆ ಫರಕು 2,700, ಒಂಬತ್ತರ ಲೆಕ್ಕಕ್ಕೆ ಬಿತ್ತು. ಅಕ್ಷರದ ಮೊತ್ತ ಪೂರ್ತಿ ಬೇರೆಯೇ ಆಗಿದ್ದರೆ ಹಳೇ ಬಿಲ್ಲಿನ ಎಕ್ಸೆಲ್ ಫೈಲು ತೆರೆದು ಅಂಕಿ ಮಾತ್ರ ಬದಲಿಸಿರಬಹುದು. ಅದು ಜಾಸ್ತಿ ಆಗುವ ತಪ್ಪು.

ಆಮೇಲೆ ಕಾಗದದ ಹೊರಗಿನ ಒಂದು ಸಾಕ್ಷಿ ಬೇಕು. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ GSTR-2B ತೆರೆದು ಆ ಬಿಲ್ ನಂಬರ್ ಹುಡುಕಿ. ನಮ್ಮದರಲ್ಲಿ ಅಂಗಡಿಯವರು 24,200ಕ್ಕೆ 4,356 ತೆರಿಗೆ ತೋರಿಸಿದ್ದರು. ವಹಿವಾಟು 5 ಕೋಟಿ ದಾಟಿದವರ ಬಿಲ್ಲಾದರೆ ಇ-ಇನ್‌ವಾಯ್ಸ್ ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ಸರ್ಕಾರಿ ವೆರಿಫೈಯರ್ ಆ್ಯಪಿನಲ್ಲಿ ಓದಿಸಿದರೆ ಬಿಲ್ಲಿನ ಒಟ್ಟು ಮೊತ್ತವೇ ತೆರೆದುಕೊಳ್ಳುತ್ತದೆ.

ನಾನು ಸಾಹುಕಾರರಿಗೆ ಹೇಳಿದ್ದು ಇಷ್ಟು: "ಎರಡು ಸಾವಿರ ಕಡಿಮೆ ಕೊಟ್ರ ಅವರ ಖಾತೆದಾಗ ನಮ್ಮ ಬಾಕಿ ನಿಲ್ತದ್ರೀ. 180 ದಿನದಾಗ ಪೂರ್ತಿ ಕೊಡದಿದ್ರ ಆ ಎರಡು ಸಾವಿರದ ಪಾಲಿನ ಐಟಿಸಿ, ಅಂದ್ರ ನಾವು ತಗೊಂಡ ತೆರಿಗೆ ಕ್ರೆಡಿಟ್, ವಾಪಸ್ ಕಟ್ಟಬೇಕಾಗ್ತದ." ಅಷ್ಟು ಕೇಳಿ ಅವರು ಸುಮ್ಮನಾದರು.

ಅಕ್ಷರ ಮಾತ್ರ ತಪ್ಪಿದ್ದು, ತೆರಿಗೆಯ ಅಂಕಿ ಸರಿ ಇದ್ದರೆ ಕ್ರೆಡಿಟ್ ನೋಟ್ ಬೇಡ. ಅಂಗಡಿಯವರಿಂದ 'ಬಿಲ್ ನಂಬರ್ ಇಷ್ಟರಲ್ಲಿ ಅಕ್ಷರದ ಮೊತ್ತ ತಪ್ಪಾಗಿದೆ, ಸರಿಯಾದದ್ದು ಇಷ್ಟು' ಅಂತ ಸಹಿ, ಸೀಲು ಹಾಕಿದ ಒಂದು ಪತ್ರ ತೆಗೆದುಕೊಳ್ಳಿ, ಬಿಲ್ಲಿನ ಜೊತೆ ಪಿನ್ ಮಾಡಿ. ಟ್ಯಾಲಿಯ ನರೇಷನ್ನಿನಲ್ಲಿ ಒಂದು ಸಾಲು ಬರೆಯಿರಿ. ಅಂಕಿಯೇ ತಪ್ಪಿದ್ದು ತೆರಿಗೆ ಜಾಸ್ತಿ ಹಾಕಿದ್ದರೆ ಅವರು ಕ್ರೆಡಿಟ್ ನೋಟ್ ಕೊಡಬೇಕು, ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್. ನೀವೇ ಪೆನ್ನಿನಿಂದ ತಿದ್ದಿ ಮತ್ತೆ ಸ್ಕ್ಯಾನ್ ಮಾಡಬೇಡಿ. ಆಡಿಟರಿಗೆ ಅದು ತಿದ್ದಿದ ಬಿಲ್ಲಾಗಿ ಕಾಣುತ್ತದೆ.

'ರಿಪೇರಿ ಕೂಲಿ ಒಟ್ಟಿಗೆ' ಅಂತ ಒಂದೇ ಸಾಲು ಇರುವ ಬಿಲ್ಲಿಗೆ ಮಾತ್ರ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಗುಣಿಸಲು ಅಲ್ಲಿ ಏನೂ ಇರುವುದಿಲ್ಲ. ಕೊಟೇಶನ್ ಇದ್ದರೆ ನೋಡಿ, ಇಲ್ಲದಿದ್ದರೆ ಅವರ ಬಿಲ್ ಪುಸ್ತಕದ ಕಾರ್ಬನ್ ಪ್ರತಿ ತರಿಸಿ. ಅದು ಬರುವ ತನಕ ಪೇಮೆಂಟ್ ತಡೆದಿಡಿ.

ಕೊನೆಗೆ ಹಣ ಚೆಕ್ಕಿನಲ್ಲಿ ಕೊಡುವುದಾದರೆ ಅಲ್ಲಿ ನಿಮ್ಮ ಅಕ್ಷರ ಸರಿ ಇರಲಿ. ಕಾಯ್ದೆ ಅಕ್ಷರದ ಪರ ಇದ್ದರೂ, ಅಂಕಿ-ಅಕ್ಷರ ಬೇರೆ ಬೇರೆ ಇದ್ದರೆ ಬ್ಯಾಂಕಿನವರು ಅದೇ ಕಾರಣ ಬರೆದು ಚೆಕ್ ವಾಪಸ್ ಕಳಿಸಬಹುದು.